ಕೇಬಲ್ ಎಳೆದ ದಿನದ ಹಾಳೆ

ಬೆಂಗಳೂರಿನ ಸುತ್ತಮುತ್ತಲ ಎಷ್ಟೋ ಕಾರ್ಖಾನೆಗಳಿಗೆ ವಿದ್ಯುತ್ ಬರುವುದು 11 ಕಿಲೋವೋಲ್ಟ್‌ನಲ್ಲಿ. ಗೇಟಿನ ಬಳಿಯ ಮೀಟರಿಂಗ್ ಯಾರ್ಡಿನಿಂದ ಒಳಗಿನ ಟ್ರಾನ್ಸ್‌ಫಾರ್ಮರ್‌ವರೆಗೆ ಅದನ್ನು ಒಯ್ಯುವುದು ನೆಲದಡಿಯ ಒಂದು ದಪ್ಪ ಕೇಬಲ್. ಹೂತ ಮೇಲೆ ಕಣ್ಣಿಗೆ ಕಾಣುವುದು ಅದರ ಎರಡು ತುದಿ ಮಾತ್ರ. ನಡುವಿನ ಸ್ಥಿತಿ ಹೇಳಲು ಉಳಿಯುವುದು ಎರಡು ಹಾಳೆ: ಎಳೆಯುವಾಗ ಬರೆದದ್ದು, ಆಮೇಲೆ ಮೆಗ್ಗರ್ ಹಾಕಿ ಬರೆದದ್ದು. ಇವನ್ನು ಬೇರೆ ಬೇರೆ ಫೈಲಿಗೆ ಸೇರಿಸಿ ಮರೆಯುವ ರೂಢಿ ನನಗೆ ಸರಿ ಕಾಣುವುದಿಲ್ಲ. ಪಕ್ಕಪಕ್ಕ ಇಟ್ಟು ಓದಿದರೆ ಎಷ್ಟು ತಿಳಿಯುತ್ತದೆ ಎಂದು ತೋರಿಸಲು ಒಂದು ಕೆಲಸವನ್ನು ಕಲ್ಪಿಸಿಕೊಳ್ಳೋಣ.

ಕೇಬಲ್ ಮೂರು ಕೋರಿನದು. ಒಂದೊಂದು ಕೋರಿನಲ್ಲೂ 185 ಚದರ ಮಿಲಿಮೀಟರ್ ಅಲ್ಯೂಮಿನಿಯಂ, ಅದರ ಸುತ್ತ ಎಕ್ಸ್‌ಎಲ್‌ಪಿಇ ನಿರೋಧಕ, ಮೂರನ್ನೂ ಸುತ್ತುವರಿದ ಉಕ್ಕಿನ ಆರ್ಮರ್, ಎಲ್ಲಕ್ಕೂ ಹೊರಗೆ ಪಿವಿಸಿ ಹೊದಿಕೆ. ತೂಕ ಮೀಟರಿಗೆ ಸುಮಾರು 8 ಕೆಜಿ. ದಾರಿ 360 ಮೀಟರ್: ಯಾರ್ಡಿನಿಂದ 270 ಮೀಟರ್ ನೇರ, ಒಂದು ಲಂಬ ತಿರುವು, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ 90 ಮೀಟರ್.

ಅಲ್ಯೂಮಿನಿಯಂ ತಂತಿಯ ತುದಿಗೆ ಕಣ್ಣು ಕಟ್ಟಿ ಎಳೆಯುವಾಗ ಚದರ ಮಿಲಿಮೀಟರಿಗೆ 30 ನ್ಯೂಟನ್ ಮೀರಬಾರದೆಂಬುದು ಭಾರತೀಯ ಮಾನಕ ಐಎಸ್ 1255ರ ಮಿತಿ. ಮೂರು ಕೋರಿಗೆ ಲೆಕ್ಕ ಹಾಕಿದರೆ ಸುಮಾರು 1,700 ಕೆಜಿ ಎಳೆತ. ರೋಲರುಗಳ ಮೇಲೆ ಉರುಳುವ ಕೇಬಲ್ ತನ್ನ ತೂಕದ ಐದರಲ್ಲೊಂದು ಭಾಗದಷ್ಟು ಎಳೆತ ಬೇಡುತ್ತದೆ ಎಂದಿಟ್ಟುಕೊಂಡರೆ, ಈ ಮಿತಿಯ ಹತ್ತಿರಕ್ಕೂ ನಾವು ಹೋಗುವುದಿಲ್ಲ. ಆದರೂ ಡ್ರಮ್ಮನ್ನು ಯಾವ ತುದಿಯಲ್ಲಿ ನಿಲ್ಲಿಸುತ್ತೇವೆ ಎಂಬುದು ಮುಖ್ಯ. ಟ್ರಾನ್ಸ್‌ಫಾರ್ಮರ್ ಕಡೆ ನಿಲ್ಲಿಸಿದರೆ ತಿರುವಿಗೆ ಮುಂಚೆ 90 ಮೀಟರ್ ಮಾತ್ರ ಎಳೆದಿರುತ್ತೇವೆ. ತಿರುವು ದಾಟಿದಾಗ ಎಳೆತ 200 ಕೆಜಿ, ಕೊನೆಯಲ್ಲಿ 630. ಯಾರ್ಡಿನ ಕಡೆ ನಿಲ್ಲಿಸಿದರೆ ತಿರುವು ದಾಟಿದಾಗ 590, ಕೊನೆಯಲ್ಲಿ 740. ಕೊನೆಯ ಅಂಕಿಗಳಲ್ಲಿ ಅಂಥ ಅಂತರವಿಲ್ಲ. ತಿರುವಿನ ಒಳಮಗ್ಗುಲಿಗೆ ಕೇಬಲ್ ಒತ್ತುವ ಬಲ ಮಾತ್ರ ಮೂರು ಪಟ್ಟು. ಬಾವಿಕಟ್ಟೆಯ ಅಂಚಿಗೆ ಉಜ್ಜಿ ಹಗ್ಗ ಸವೆಯುವ ಹಾಗೆ ಕೇಬಲಿನ ಹೊದಿಕೆಗೆ ಪೆಟ್ಟು ಬೀಳುವುದು ಅಲ್ಲೇ.

ನಮ್ಮ ಕೆಲಸದಲ್ಲಿ ಟ್ರಾನ್ಸ್‌ಫಾರ್ಮರ್ ಬಳಿ ಕ್ರೇನ್ ತಿರುಗಲು ಜಾಗವಿಲ್ಲ. ಡ್ರಮ್ ಯಾರ್ಡಿನಲ್ಲೇ ನಿಂತಿತು. ವಿಂಚಿನ ಪಕ್ಕ ಕೂತವನು ಪ್ರತಿ 10 ಮೀಟರಿಗೊಮ್ಮೆ ಎಳೆತ ಬರೆಯುತ್ತಾ ಹೋದ. ತಿರುವು ದಾಟಿದ ಮೇಲೆ 280ನೇ ಮೀಟರಿಗೆ 610, 300ಕ್ಕೆ 640, 310ಕ್ಕೆ 660. ಆಮೇಲೆ 320ಕ್ಕೆ ಒಮ್ಮೆಲೇ 930. ಕೊನೆಗೆ 1,010. ಎಲ್ಲವೂ 1,700ರೊಳಗೇ ಇದ್ದುದರಿಂದ ಯಾರೂ ವಿಂಚ್ ನಿಲ್ಲಿಸಲಿಲ್ಲ. ಮಿತಿಯನ್ನೇ ನೋಡುವವರಿಗೆ ಇದು ಒಳ್ಳೆಯ ಎಳೆತ. ನಿರೀಕ್ಷೆಯ ಜೊತೆ ಹೋಲಿಸುವವರಿಗೆ, 310 ಮತ್ತು 320ರ ನಡುವೆ ಏನೋ ಕೆಟ್ಟಿದೆ.

ಇನ್ನು ಮೆಗ್ಗರ್. ಒಂದು ಕೋರಿಗೆ 5,000 ವೋಲ್ಟ್ ಡಿಸಿ ಕೊಟ್ಟು, ಉಳಿದ ಕೋರು, ತಾಮ್ರದ ಸ್ಕ್ರೀನು, ಆರ್ಮರ್ ಎಲ್ಲವನ್ನೂ ಭೂಮಿಗೆ ಕಟ್ಟಿ, ಒಂದು ನಿಮಿಷದ ಬಳಿಕ ಓದಬೇಕು. ಡ್ರಮ್ಮಿನ ಮೇಲೆ 500 ಮೀಟರ್ ಇದ್ದಾಗ ಮೂರು ಕೋರೂ ಸುಮಾರು 7,000 ಮೆಗಾಓಮ್ ತೋರಿಸಿದ್ದವು. ಎಳೆದು, ಕತ್ತರಿಸಿ, ತುದಿಗಳಿಗೆ ಟರ್ಮಿನೇಷನ್ ಕಿಟ್ ಹಾಕಿದ ಮೇಲೆ ಆರ್ 9,600, ವೈ 9,400, ಬಿ 1,150. ಮೊದಲ ಎರಡನ್ನು ನೋಡಿ ಕೇಬಲ್ ಸುಧಾರಿಸಿತು ಎಂದುಕೊಳ್ಳಬಾರದು. ಸೋರಿಕೆ ಉದ್ದಕ್ಕೂ ಹಂಚಿಕೊಂಡಿರುವುದರಿಂದ ಕೇಬಲ್ ಗಿಡ್ಡವಾದಷ್ಟೂ ಅಂಕಿ ಏರುತ್ತದೆ. 500 ಮೀಟರಿನಲ್ಲಿ 7,000 ಇದ್ದದ್ದು 360 ಮೀಟರಿನಲ್ಲಿ ಸುಮಾರು 9,700 ಆಗಲೇಬೇಕು. ಅಂದರೆ ಆರ್ ಮತ್ತು ವೈ ಹಿಂದೆ ಹೇಗಿದ್ದವೋ ಹಾಗೇ ಇವೆ. ಉದ್ದ ಬರೆಯದ ಮೆಗ್ಗರ್ ಹಾಳೆಯಿಂದ ಈ ಹೋಲಿಕೆ ಸಾಧ್ಯವೇ ಇಲ್ಲ.

ಬಿ ಕೋರಿನ 1,150 ನೋಡಿ ಎಲ್ಲರ ಎದೆ ಧಸಕ್ಕೆಂದಿತು. ಎಳೆತ ಏರಿದ ಸಂಗತಿಯೂ ಇದ್ದುದರಿಂದ ಕೇಬಲ್ ಹೋಯಿತೆಂದೇ ಭಾವಿಸಿದರು. ಆದರೆ ಅದು ಜುಲೈ ತಿಂಗಳ ಮಳೆಯ ಬೆಳಗು. ಟರ್ಮಿನೇಷನ್ನಿನ ಹೊರಮೈಯಲ್ಲಿ ತೇವ, ಕೈಯ ಜಿಡ್ಡು, ಧೂಳು ಸೇರಿದರೆ ವಿದ್ಯುತ್ತು ನಿರೋಧಕವನ್ನು ತೂರದೆ ಅದರ ಮೇಲ್ಮೈಯಲ್ಲೇ ಹರಿಯುತ್ತದೆ. ಎರಡೂ ತುದಿಗಳನ್ನು ಕಿಟ್ಟಿನ ಜೊತೆ ಬರುವ ದ್ರಾವಕದಿಂದ ಒರೆಸಿ, ಒಣಗಿಸಿ, ಹೊರಮೈಗೆ ಬರಿ ತಂತಿ ಸುತ್ತಿ ಮೆಗ್ಗರಿನ ಗಾರ್ಡ್ ಟರ್ಮಿನಲ್ಲಿಗೆ ಕಟ್ಟಿದರು. ಹಾಗೆ ಕಟ್ಟಿದರೆ ಮೇಲ್ಮೈಯ ಸೋರಿಕೆ ಅಳತೆಗೆ ಸೇರುವುದಿಲ್ಲ. ಬಿ ಈಗ 9,300. ಕೇಬಲಿಗೆ ಏನೂ ಆಗಿರಲಿಲ್ಲ. ಹಾಳೆಯಲ್ಲಿ 1,150 ಅನ್ನು ಅಳಿಸದೆ, ಪಕ್ಕದಲ್ಲೇ ಕಾರಣ ಮತ್ತು ಎರಡನೆಯ ಅಂಕಿ ಬರೆಯುವುದು ಸರಿಯಾದ ಪದ್ಧತಿ.

ಮೂರೂ ಕೋರು ಸರಿ ಇವೆಯೆಂದ ಮೇಲೆ ಬಹಳಷ್ಟು ಕಡೆ ಕೆಲಸ ಮುಗಿದಂತೆಯೇ. ನಾನು ಒತ್ತಾಯಿಸುವುದು ಇನ್ನೊಂದು ಪರೀಕ್ಷೆಗೆ: ಎರಡೂ ತುದಿಯಲ್ಲಿ ಆರ್ಮರ್ ಮತ್ತು ಸ್ಕ್ರೀನಿನ ಭೂಸಂಪರ್ಕ ಬಿಚ್ಚಿ, ಆರ್ಮರ್ ಮತ್ತು ಭೂಮಿಯ ನಡುವೆ 1,000 ವೋಲ್ಟ್. ಹೊರಹೊದಿಕೆ ಹರಿದಿದ್ದರೆ ಒದ್ದೆ ಮಣ್ಣು ಆರ್ಮರನ್ನು ಮುಟ್ಟುತ್ತದೆ, ಅಂಕಿ ಕುಸಿಯುತ್ತದೆ. ಇಲ್ಲಿ ಬಂದದ್ದು 0.4 ಮೆಗಾಓಮ್. ಕೋರಿನ ಪರೀಕ್ಷೆಗೆ ಈ ಗಾಯ ಕಾಣುವುದಿಲ್ಲ, ಏಕೆಂದರೆ ಒಳಗಿನ ನಿರೋಧಕ ಇನ್ನೂ ಗಟ್ಟಿ. ಆದರೆ ಆ ಸಂದಿನಿಂದ ನೀರು ಇಳಿದು ಆರ್ಮರ್ ತುಕ್ಕು ಹಿಡಿಯುತ್ತದೆ. ತೇವ ಎಕ್ಸ್‌ಎಲ್‌ಪಿಇ ತಲುಪಿದರೆ ಅದರೊಳಗೆ ಕವಲೊಡೆದ ಸೂಕ್ಷ್ಮ ನೀರಿನ ಬಿರುಕುಗಳು ವರ್ಷಗಟ್ಟಲೆ ಬೆಳೆದು ಕೊನೆಗೊಮ್ಮೆ ಕೇಬಲ್ ಸಿಡಿಯುತ್ತದೆ.

ಗಾಯ ಎಲ್ಲಿ? 360 ಮೀಟರ್ ಅಗೆಯಬೇಕಾಗಿಲ್ಲ, ಎಳೆತದ ಹಾಳೆ ಇದೆ. ಕೇಬಲಿನ ಮೂತಿ 310 ದಾಟಿದ ಮೇಲೆ ತಿರುವಿನ ರೋಲರ್ ಮಗುಚಿರಬೇಕು. ಆಗ ಮೂತಿ ತಿರುವಿನಿಂದ 40 ಮೀಟರ್ ಮುಂದಿತ್ತು. ಹಾಗಾಗಿ ಮೂತಿಯಿಂದ ಮೊದಲ 40 ಮೀಟರ್ ಕೇಬಲ್ ಆರಾಮಾಗಿ ದಾಟಿದೆ. ಅದರ ಹಿಂದಿನ 50 ಮೀಟರ್ ಮಗುಚಿದ ರೋಲರಿನ ಚೌಕಟ್ಟಿಗೆ ಉಜ್ಜಿಕೊಂಡು ಬಂದಿದೆ. ಅದು ಈಗ ಮಲಗಿರುವುದು ತಿರುವಿನಿಂದ ಟ್ರಾನ್ಸ್‌ಫಾರ್ಮರ್ ಕಡೆಗಿನ 50 ಮೀಟರಿನಲ್ಲಿ. ಅಷ್ಟರ ಮೇಲಿನ ಇಟ್ಟಿಗೆ, ಮರಳು ತೆಗೆದರು. ತಿರುವಿನಿಂದ 6 ಮೀಟರ್ ಆಚೆ ಹೊದಿಕೆ ಸೀಳಿ ಆರ್ಮರ್ ಕಾಣುತ್ತಿತ್ತು. ಉಳಿದೆಡೆ ತೆಳು ಗೀರುಗಳು. ಒರೆಸಿ, ಒಣಗಿಸಿ, ಬಿಸಿಮಾಡಿದರೆ ಬಿಗಿದುಕೊಳ್ಳುವ ಸುತ್ತು ತೋಳು ಹಾಕಿ ಮತ್ತೆ ಅಳೆದಾಗ 85 ಮೆಗಾಓಮ್.

ಈ ಅಂಕಿಗಳಿಗೂ ಎಲ್ಲೆಯಿದೆ. 11 ಕಿಲೋವೋಲ್ಟ್ ಕೇಬಲಿನಲ್ಲಿ ಕೋರು ಮತ್ತು ಭೂಮಿಯ ನಡುವೆ ದಿನನಿತ್ಯದ ವೋಲ್ಟೇಜೇ ತುತ್ತತುದಿಯಲ್ಲಿ 9,000 ಮುಟ್ಟುತ್ತದೆ. ಮೆಗ್ಗರ್ ಕೊಡುವುದು 5,000. ನಿರೋಧಕದೊಳಗಿನ ಸಣ್ಣ ಪೊಳ್ಳನ್ನು ಅದು ಹಿಡಿಯಲಾರದು. ಅದಕ್ಕಾಗಿಯೇ ಆಮೇಲೆ ಸೆಕೆಂಡಿಗೆ 0.1 ಆವರ್ತನದ ನಿಧಾನ ಎಸಿಯಲ್ಲಿ ಸುಮಾರು 19 ಕಿಲೋವೋಲ್ಟ್ ಅನ್ನು 15 ನಿಮಿಷ ಕೊಡುತ್ತಾರೆ. ಅದಾದ ಬಳಿಕ ಇನ್ನೊಮ್ಮೆ ಮೆಗ್ಗರ್. ಮೊದಲಿನ ಅಂಕಿಗಿಂತ ಇಳಿದಿರಬಾರದು.

ಪ್ರತಿ ಸಲವೂ ಅಳತೆ ಮುಗಿದ ಕೋರನ್ನು ಭೂಮಿಗೆ ಮುಟ್ಟಿಸಿ, ಪರೀಕ್ಷೆ ನಡೆದ ಹೊತ್ತಿನ ನಾಲ್ಕು ಪಟ್ಟಾದರೂ ಹಾಗೇ ಬಿಡಬೇಕು. 360 ಮೀಟರ್ ಕೇಬಲ್ ಒಂದು ದೊಡ್ಡ ಕೆಪಾಸಿಟರ್. ಮೆಗ್ಗರ್ ಆರಿಸಿದ ಮೇಲೂ ಅದರಲ್ಲಿ ಉಳಿದ ಚಾರ್ಜ್ ಮನುಷ್ಯನನ್ನು ಹೊಡೆದು ಕೆಡವಬಲ್ಲದು. ಹಾಳೆಯಲ್ಲಿ ಡಿಸ್‌ಚಾರ್ಜ್ ಮಾಡಿದ ವೇಳೆಗೂ, ಅದನ್ನು ಮಾಡಿದವರ ಸಹಿಗೂ ಒಂದೊಂದು ಕಲಂ ಇರಬೇಕು. ಜೊತೆಗೆ ಆ ದಿನದ ಉಷ್ಣಾಂಶ, ಮೆಗ್ಗರಿನ ಕ್ರಮಸಂಖ್ಯೆ, ಅಳೆದದ್ದು ಯಾವ ತುದಿಯಿಂದ ಎಂಬುದು. ಎರಡು ವರ್ಷದ ನಂತರ ಬೇಸಿಗೆಯಲ್ಲಿ ಬಿಸಿ ಕೇಬಲಿನ ಮೇಲೆ 6,000 ಬಂದರೆ, ಅದು ಬಿಸಿಲಿನ ಇಳಿತವೋ ನೀರಿನ ಇಳಿತವೋ ಎಂದು ಹೇಳಲು ಆಗ ಕೈಯಲ್ಲಿರುವುದು ಈ ಕಲಂಗಳು, ಮತ್ತು ಆರ್ಮರಿನ ಆ 85.