ಕಾರಿನ ಕಣ್ಣು ಮತ್ತು ಕತ್ತು

ಬಾವಲಿ ಕತ್ತಲಲ್ಲಿ ಗೋಡೆಗೆ ಡಿಕ್ಕಿ ಹೊಡೆಯದೆ ಹೇಗೆ ಹಾರುತ್ತದೆ? ಅದು ಕೂಗಿ, ತನ್ನ ಕೂಗಿನ ಪ್ರತಿಧ್ವನಿಯನ್ನು ಕೇಳುತ್ತದೆ. ನಮ್ಮ ತಂಡ ಮಾಡಿದ ಪುಟ್ಟ ಕಾರು ಕೂಡ ಹಾಗೇ. ಅದರ ಕಣ್ಣು ಅಲ್ಟ್ರಾಸಾನಿಕ್ ಸೆನ್ಸಾರ್. ಕತ್ತು ಸರ್ವೊ ಮೋಟರ್. ಮೆದುಳು ಆರ್ಡುಯಿನೋ ಬೋರ್ಡು.

ಸೆನ್ಸಾರಿಗೆ ನಾಲ್ಕು ಕಾಲು. ವಿಸಿಸಿ ಕಾಲನ್ನು ಬೋರ್ಡಿನ 5 ವೋಲ್ಟ್‌ಗೆ, ಗ್ರೌಂಡನ್ನು ಗ್ರೌಂಡಿಗೆ, ಟ್ರಿಗ್ ಅನ್ನು 12ಕ್ಕೆ, ಎಕೋವನ್ನು 11ಕ್ಕೆ ಜೋಡಿಸಬೇಕು. ಇದು ಸುಲಭ.

ಸಣ್ಣ ನೀಲಿ ಸರ್ವೊಗೆ ಮೂರು ವೈರು. ಕಿತ್ತಳೆ ವೈರು 9ಕ್ಕೆ ಹೋಗುತ್ತದೆ. ಕೆಂಪು ವೈರನ್ನೂ ಬೋರ್ಡಿನ 5 ವೋಲ್ಟ್‌ಗೇ ಚುಚ್ಚಿದರೆ ಏನಾಗುತ್ತೆ ಗೊತ್ತಾ? ಸರ್ವೊ ತಿರುಗಲು ಶುರುಮಾಡುವಾಗ ಒಮ್ಮೆಲೇ ಜಾಸ್ತಿ ಕರೆಂಟು ಎಳೆಯುತ್ತದೆ. ಪಂಪ್‌ಸೆಟ್ ಹಾಕಿದಾಗ ಮನೆಯ ಬಲ್ಬು ಮಂಕಾಗುವುದಿಲ್ಲವೇ, ಹಾಗೆ ಬೋರ್ಡಿನ ವೋಲ್ಟೇಜು ಕುಸಿಯುತ್ತದೆ. ಆಗ ಆರ್ಡುಯಿನೋ ಎಲ್ಲ ಮರೆತು ಮೊದಲಿನಿಂದ ಶುರುಮಾಡಬಹುದು. ಕತ್ತು ತಿರುಗಿಸುವ ಹೊತ್ತಿಗೆ ಸರಿಯಾಗಿ ಪ್ರತಿಸಲ ಹೀಗಾದರೆ, ತಪ್ಪು ಪ್ರೋಗ್ರಾಮಿನದಲ್ಲ, ಕರೆಂಟಿನದು ಎಂದು ತಿಳಿಯಿರಿ.

ಅದಕ್ಕೆ ಸರ್ವೊಗೆ ಬೇರೆ 4 ಪೆನ್‌ಸೆಲ್ ಕೊಡಬೇಕು. ಕೆಂಪು ವೈರು ಸೆಲ್ಲಿನ ಪ್ಲಸ್ಸಿಗೆ, ಕಂದು ವೈರು ಮೈನಸ್ಸಿಗೆ. ಆ ಮೈನಸ್ಸಿನಿಂದ ಆರ್ಡುಯಿನೋದ ಗ್ರೌಂಡಿಗೂ ಒಂದು ವೈರು ಎಳೆಯಲೇಬೇಕು. ಇಬ್ಬರು ಎತ್ತರ ಅಳೆಯುವಾಗ ಒಂದೇ ನೆಲದ ಮೇಲೆ ನಿಲ್ಲಬೇಕಲ್ಲವೇ? ಗ್ರೌಂಡ್ ಎಂದರೆ ಆ ನೆಲ. ಅದು ಒಂದಾಗದಿದ್ದರೆ 9ರಿಂದ ಬರುವ ಸೂಚನೆ ಸರ್ವೊಗೆ ಅರ್ಥವಾಗದೆ ಅದು ಸುಮ್ಮನೆ ನಡುಗುತ್ತದೆ.

ಇನ್ನು ಅಳತೆ. ಕತ್ತು ತಿರುಗಿ ನಿಂತ ಮೇಲೆಯೇ ಕೂಗಬೇಕು. ತಿರುಗುತ್ತಿರುವಾಗಲೇ ಕೂಗಿದರೆ ಬೇರೆ ದಿಕ್ಕಿನ ಅಳತೆ ಬರುತ್ತದೆ. ಅದಕ್ಕೇ 400 ಮಿಲಿಸೆಕೆಂಡು ಕಾಯುತ್ತೇವೆ:

```
kattu.write(150);
delay(400);
digitalWrite(12, HIGH);
delayMicroseconds(10);
digitalWrite(12, LOW);
long t = pulseIn(11, HIGH, 30000);
long cm = t / 58;
```

58 ಏಕೆ? ಶಬ್ದಕ್ಕೆ 1 ಸೆಂ.ಮೀ. ಹೋಗಲು ಸುಮಾರು 29 ಮೈಕ್ರೋಸೆಕೆಂಡು ಬೇಕು. ಹೋಗಿ ಬರಲು 58. ಎಡಗಡೆ 1160 ಬಂದರೆ ಗೋಡೆ 20 ಸೆಂ.ಮೀ. ದೂರದಲ್ಲಿದೆ. ಬಲಗಡೆ 3480 ಬಂದರೆ 60 ಸೆಂ.ಮೀ. ಕಾರು ಬಲಕ್ಕೆ ತಿರುಗುತ್ತದೆ.

ಒಂದು ಎಚ್ಚರಿಕೆ. ಪ್ರತಿಧ್ವನಿ ಬರದಿದ್ದರೆ ಉತ್ತರ 0 ಬರುತ್ತದೆ. ಗೋಡೆ ಮೂಗಿಗೆ ತಾಗಿದೆ ಎಂದು ಅದರ ಅರ್ಥವಲ್ಲ. ಎದುರಿಗೆ ಏನೂ ಇಲ್ಲದಿರಬಹುದು. ಅಥವಾ ಓರೆಯಾದ ಹಲಗೆ ಶಬ್ದವನ್ನು ಬೇರೆ ಕಡೆ ಚಿಮ್ಮಿಸಿರಬಹುದು, ಕಂಬಳಿಯಂಥ ಮೆತ್ತನೆ ಬಟ್ಟೆ ಅದನ್ನು ನುಂಗಿರಬಹುದು. ಆದ್ದರಿಂದ 0 ಬಂದರೆ ಕಾರು ನಿಂತು ಇನ್ನೊಮ್ಮೆ ಕೂಗುವಂತೆ ಬರೆಯಬೇಕು.