ಕ್ರ್ಯಾಶ್, ಹ್ಯಾಂಗ್, ಫ್ರೀಜ್: ಮೊದಲು ಏನು ಮಾಡಬೇಕು?

ಪ್ರಶ್ನೆ: ಅಂಗಡಿಯ ವಿಂಡೋಸ್ ಕಂಪ್ಯೂಟರಿನಲ್ಲಿ, ಪೆನ್ ಡ್ರೈವ್‌ನಲ್ಲಿರುವ ಲೆಕ್ಕದ ಫೈಲನ್ನು ಸೇವ್ ಮಾಡುವಾಗ ಎಲ್ಲವೂ ನಿಂತುಬಿಡುತ್ತದೆ. ಕೂಡಲೇ ಸ್ವಿಚ್ ಆಫ್ ಮಾಡುತ್ತೇನೆ. ಇದು ಸರಿಯೇ?
– ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಸ್ವಿಚ್ ಆಫ್ ಕೊನೆಯ ಉಪಾಯವಾಗಿರಲಿ. ಫೈಲ್ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅದು ಅರ್ಧಕ್ಕೇ ನಿಂತು ಕೆಡಬಹುದು. ಮೊದಲು ಮೌಸ್ ಅಲ್ಲಾಡಿಸಿ ನೋಡಿ.

ಬಾಣದ ಗುರುತು ಚಲಿಸುತ್ತಿದ್ದು, ಲೆಕ್ಕದ ಕಿಟಕಿಯ ಮೇಲೆ ಮಾತ್ರ Not Responding ಎಂದಿದ್ದರೆ ಅದು ಹ್ಯಾಂಗ್. ಪ್ರೋಗ್ರಾಂ ಏನಕ್ಕೋ ಕಾಯುತ್ತಿದೆ. ನಿಮ್ಮಲ್ಲಿ ಬಹುಶಃ ನಿಧಾನವಾದ ಪೆನ್ ಡ್ರೈವ್‌ಗೆ. ಡ್ರೈವನ್ನು ಕೀಳದೆ ಎರಡು ಮೂರು ನಿಮಿಷ ಕಾಯಿರಿ. ಆಮೇಲೆ Ctrl+Shift+Esc ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಆ ಪ್ರೋಗ್ರಾಂನ ಎದುರು Disk ಅಥವಾ CPU ಅಂಕಿ ಬದಲಾಗುತ್ತಿದ್ದರೆ ಕೆಲಸ ಸಾಗಿರಬಹುದು, ಇನ್ನೂ ಕಾಯಿರಿ. ಬಹಳ ಹೊತ್ತು ಸೊನ್ನೆಯಲ್ಲೇ ಇದ್ದರೆ End task ಒತ್ತಿ. ಸೇವ್ ಆಗದ ಭಾಗ ಹೋಗಬಹುದು.

ಕಿಟಕಿ ತಾನಾಗಿಯೇ ಮುಚ್ಚಿಹೋದರೆ ಅದು ಕ್ರ್ಯಾಶ್. ಇಲ್ಲಿ ಕಾದು ಫಲವಿಲ್ಲ. ಸಂದೇಶ ಬಂದಿದ್ದರೆ ಫೋಟೊ ತೆಗೆದು, ಪ್ರೋಗ್ರಾಂ ಮತ್ತೆ ತೆರೆದು, ಅದು ತೋರಿಸುವ ಉಳಿದ ಪ್ರತಿಯನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ.

ಬಾಣವೂ ಗಡಿಯಾರವೂ ನಿಂತು, Caps Lock ಒತ್ತಿದರೂ ಅದರ ದೀಪ ಬದಲಾಗದಿದ್ದರೆ ಅದು ಫ್ರೀಜ್. ಕೆಲವು ನಿಮಿಷ ಕಾದು Ctrl+Alt+Del ಒತ್ತಿ. ಅದಕ್ಕೂ ಮಿಸುಕದಿದ್ದರೆ ಮಾತ್ರ ಪವರ್ ಬಟನನ್ನು ಸುಮಾರು 10 ಸೆಕೆಂಡು ಒತ್ತಿಹಿಡಿಯಿರಿ.

ಇನ್ನು ಮುಂದೆ ಫೈಲನ್ನು ಕಂಪ್ಯೂಟರಿನಲ್ಲೇ ಇಟ್ಟು ಕೆಲಸ ಮಾಡಿ, ದಿನದ ಕೊನೆಗೆ ಪೆನ್ ಡ್ರೈವ್‌ಗೆ ನಕಲಿಸಿ. ಆಗ ತೊಂದರೆ ನಿಂತರೆ ಕಾರಣ ಡ್ರೈವೇ ಎಂದು ತಿಳಿಯಬಹುದು.