ಕನ್ನಡಿಯಲ್ಲಿ ತಿರುವುಮುರುವಾಗುವ ಹೆಸರು

ಬ್ಯೂಟಿಪಾರ್ಲರ್ ಸಿಬ್ಬಂದಿಗೆ ಸಮವಸ್ತ್ರ ಹೊಲಿಸುವ ಮಾತು ಬಂದರೆ ಹೆಚ್ಚಿನವರು ಕಪ್ಪನ್ನೇ ಆರಿಸುತ್ತಾರೆ. ಕೊಳೆ ಕಾಣುವುದಿಲ್ಲ ಎಂಬ ಲೆಕ್ಕ. ಆದರೆ ಅಲ್ಲಿ ಬಟ್ಟೆಯನ್ನು ಕೆಡಿಸುವುದು ಕೊಳೆಯಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಹೇರ್ ಕಲರ್ ಜೊತೆ ಕಲಸುವ ಡೆವಲಪರ್‌ನಲ್ಲೂ ಮುಖದ ಬ್ಲೀಚ್‌ನಲ್ಲೂ ಅದೇ ಇರುತ್ತದೆ. ಒಂದು ಹನಿ ಕಪ್ಪು ಕಾಟನ್ ಮೇಲೆ ಬಿದ್ದರೆ ಕೆಂಚು ಚುಕ್ಕೆ ಏಳುತ್ತದೆ. ಬಣ್ಣವೇ ಹೋಗಿರುವುದರಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಬಿಳಿಯದ್ದು ಬೇರೆ ಪಾಡು: ಮೆಹೆಂದಿ ಕಲಸಿದ ದಿನವೇ ಅದರ ಕಥೆ ಮುಗಿಯಿತು.

ಪಾಲಿಯೆಸ್ಟರ್ ಬಣ್ಣ ಪೆರಾಕ್ಸೈಡ್‌ಗೆ ಕಾಟನ್‌ಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅಪ್ಪಟ ಪಾಲಿಯೆಸ್ಟರ್ ತೊಟ್ಟು ದಿನವಿಡೀ ಡ್ರೈಯರ್ ಹಿಡಿದು ನಿಲ್ಲುವವರಿಗೆ ಸೆಕೆ ತಡೆಯಲಾಗದು. ಹಾಗಾಗಿ ಪಾಲಿಯೆಸ್ಟರ್ ಪಾಲು ಹೆಚ್ಚಿರುವ ಮಿಶ್ರ ಬಟ್ಟೆ ವಾಸಿ. ನೇಯ್ಗೆ ನುಣುಪಾಗಿರಬೇಕು, ಟೀಶರ್ಟ್‌ನಂಥ ಹೊಸೈರಿ ಬಟ್ಟೆಯಲ್ಲಿ ಕತ್ತರಿಸಿದ ಕೂದಲಿನ ಚೂರು ಚುಚ್ಚಿಕೊಂಡು ಒಗೆದರೂ ಬಿಡುವುದಿಲ್ಲ. ಅಂಗಡಿಯಲ್ಲಿ ಒಂದು ತುಂಡು ಕೇಳಿ ತಂದು ಡೆವಲಪರ್ ಹಚ್ಚಿ, ಅರ್ಧ ಗಂಟೆ ಬಿಟ್ಟು ಒಗೆದು ನೋಡಿ. ಅದಾದ ಮೇಲೆ ಬಣ್ಣದ ಮಾತು.

ಐದು ಜನರ ಪಾರ್ಲರ್ ಎಂದುಕೊಳ್ಳೋಣ. ಒಗೆತಕ್ಕೊಂದು, ಮೈಮೇಲೊಂದು, ಆಪತ್ತಿಗೊಂದು ಎಂದು ತಲಾ ಮೂರು ಟಾಪ್. ಒಂದಕ್ಕೆ ಸುಮಾರು 2 ಮೀಟರ್ ಹಿಡಿದರೆ 30 ಮೀಟರ್. ಇನ್ನೊಂದು 6 ಮೀಟರ್ ಅದೇ ತಾನಿನಿಂದ ಈಗಲೇ ಕತ್ತರಿಸಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಹೊಸ ಹುಡುಗಿ ಸೇರಿದಾಗ ಅದೇ ನಂಬರಿನ ಬಟ್ಟೆ ತಂದರೂ ಬಣ್ಣದ ಪಾಕ ಬೇರೆಯಾಗಿ, ಸಾಲಿನಲ್ಲಿ ಅವಳೊಬ್ಬಳೇ ಎದ್ದು ಕಾಣುತ್ತಾಳೆ. ತೋಳು ಮೊಣಕೈ ದಾಟದಿರಲಿ. ಅಗಲ ತೋಳು ಮೊದಲು ಅದ್ದುವುದು ವ್ಯಾಕ್ಸ್ ಹೀಟರಿಗೇ.

ಹೆಸರಿನ ಬ್ಯಾಡ್ಜ್ ವಿಷಯದಲ್ಲಿ ಪಾರ್ಲರಿಗೆ ಬೇರೆಲ್ಲೂ ಇಲ್ಲದ ತೊಡಕೊಂದಿದೆ. ಕುರ್ಚಿಯಲ್ಲಿ ಕೂತ ಗ್ರಾಹಕಿ ತನ್ನ ಹಿಂದೆ ನಿಂತವಳನ್ನು ನೋಡುವುದು ಕನ್ನಡಿಯಲ್ಲಿ, ಅಲ್ಲಿ ಅಕ್ಷರಗಳೆಲ್ಲ ತಿರುವುಮುರುವು. ಫೇಶಿಯಲ್‌ಗೆ ಮಲಗಿದವಳಿಗೆ ಅದೂ ಕಾಣದು. ಹೆಸರು ಓದಲು ಸಿಗುವುದು ಬಾಗಿಲಲ್ಲಿ ಎದುರುಗೊಂಡಾಗ, ಬಿಲ್ ಕೊಡುವಾಗ, ಎರಡೇ ಗಳಿಗೆ. ಆದ್ದರಿಂದ ಲೋಗೊ, ಹುದ್ದೆ, ಫೋನ್ ನಂಬರ್ ಎಲ್ಲವನ್ನೂ ಬ್ಯಾಡ್ಜ್‌ಗೆ ತುರುಕಬೇಡಿ. ಲೋಗೊ ಟಾಪ್ ಮೇಲೆ ಕಸೂತಿಯಾಗಿರಲಿ, ಬ್ಯಾಡ್ಜ್‌ನಲ್ಲಿ ಹೆಸರೊಂದೇ ಸಾಕು. ‘ಲಕ್ಷ್ಮಿ’ಯಂಥ ಹೆಸರಿನ ಒತ್ತಕ್ಷರ ಕೆಳಗಿಳಿಯುವುದರಿಂದ ಎತ್ತರ 2.5 ಸೆಂಟಿಮೀಟರ್ ಆದರೂ ಬೇಕು. ಪೂರ್ತಿ ಹೆಸರು, ಮನೆತನದ ಹೆಸರು ಬೇಡ; ಅಪರಿಚಿತರು ಫೇಸ್‌ಬುಕ್‌ನಲ್ಲಿ ಹುಡುಕಿ ಕಾಡುವುದಕ್ಕೆ ಅಷ್ಟೇ ಸಾಕು.

ಕೊರಳಿಗೆ ತೂಗುಹಾಕುವ ಕಾರ್ಡ್ ಥ್ರೆಡಿಂಗ್‌ಗೆ ಬಗ್ಗಿದಾಗಲೆಲ್ಲ ಗ್ರಾಹಕಿಯ ಮೂಗಿಗೆ ತಾಗುತ್ತದೆ. ಆಯಸ್ಕಾಂತದ ಬ್ಯಾಡ್ಜ್ ಬಟ್ಟೆಗೆ ತೂತು ಮಾಡುವುದಿಲ್ಲ ನಿಜ, ಆದರೆ ಹೇರ್‌ಪಿನ್‌ಗಳನ್ನು ಎಳೆದುಕೊಂಡು ಕೂರುತ್ತದೆ; ಪೇಸ್‌ಮೇಕರ್ ಇರುವವರಂತೂ ಅದನ್ನು ಎದೆಯ ಮೇಲೆ ಧರಿಸಲೇಬಾರದು. ನನ್ನ ಆಯ್ಕೆ, ಮೂಲೆ ದುಂಡಗಿರುವ ಹಗುರ ಪ್ಲಾಸ್ಟಿಕ್ ಪಟ್ಟಿ, ಹಿಂದೆ ಪಿನ್. ಅದು ಚುಚ್ಚುವ ಜಾಗದಲ್ಲಿ ಬಟ್ಟೆಯ ಒಳಗೆ ಕ್ಯಾನ್ವಾಸ್ ತುಂಡೊಂದನ್ನು ಕೊಟ್ಟು ಹೊಲಿಯಲು ಟೈಲರ್‌ಗೆ ಹೇಳಿಬಿಡಿ. ಐವರದೂ ಒಂದೇ ಎತ್ತರದಲ್ಲಿ ಕೂರುತ್ತದೆ, ಬಟ್ಟೆಯೂ ಜೋಲುವುದಿಲ್ಲ.